ಮೂಲ್ಕಿ ದೇವಸ್ಥಾನದ ತೀರ್ಪು: ಸಾರಾಂಶ ಬರೆದದ್ದಾಯಿತು, ವಿಶ್ಲೇಷಣೆ ಎಲ್ಲಿಂದ ಶುರು?

ಪ್ರಶ್ನೆ: ನಾನು ಎಲ್‌ಎಲ್‌ಬಿ ವಿದ್ಯಾರ್ಥಿನಿ. ಧಾರ್ಮಿಕ ಸ್ವಾತಂತ್ರ್ಯದ ಒಂದು ತೀರ್ಪನ್ನು ಆರಿಸಿಕೊಂಡು 2,500 ಪದಗಳ ಪ್ರಬಂಧ ಬರೆಯಬೇಕಿದೆ. ಮೂಲ್ಕಿ ದೇವಸ್ಥಾನದ ಪ್ರವೇಶದ ಬಗೆಗಿನ ಶ್ರೀ ವೆಂಕಟರಮಣ ದೇವರು ವಿರುದ್ಧ ಮೈಸೂರು ರಾಜ್ಯ ಪ್ರಕರಣ ತೆಗೆದುಕೊಂಡಿದ್ದೇನೆ. ಮೊದಲ ಕರಡು ನೋಡಿದ ಮೇಡಂ "ಇದು ಸಾರಾಂಶ, ವಿಶ್ಲೇಷಣೆ ಎಲ್ಲಿ?" ಅಂದರು. ವಿವಾದಾಂಶ, ನ್ಯಾಯಾಲಯದ ತರ್ಕ, ಟೀಕೆ ಈ ಮೂರನ್ನೂ ಹೇಗೆ ಬರೆಯಬೇಕು? ಸುಪ್ರೀಂ ಕೋರ್ಟ್ ತೀರ್ಪನ್ನು ನಾನು ಟೀಕಿಸುವುದಾದರೂ ಹೇಗೆ?

ಉತ್ತರ:

ಪ್ರಕರಣದ ಆಯ್ಕೆ ಚೆನ್ನಾಗಿದೆ. ತೀರ್ಪು ತೀರಾ ಉದ್ದವಿಲ್ಲ, ಬರೆದವರು ಒಬ್ಬರೇ ನ್ಯಾಯಮೂರ್ತಿ, ಭಿನ್ನಮತವಿಲ್ಲ. ತರ್ಕದ ಕೊಂಡಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಬಹುದು. ಸಾರಾಂಶಕ್ಕೂ ವಿಶ್ಲೇಷಣೆಗೂ ಇರುವ ವ್ಯತ್ಯಾಸ ಇಷ್ಟೇ. ಸಾರಾಂಶ ತೀರ್ಪಿನ ಎಲ್ಲ ಪ್ಯಾರಾಗಳಿಗೂ ಸಮಾನ ಜಾಗ ಕೊಡುತ್ತದೆ. ವಿಶ್ಲೇಷಣೆ ಮಾತ್ರ ಭಾರ ಹೊತ್ತ ಕೊಂಡಿ ಯಾವುದೆಂದು ಹುಡುಕಿ ಅಲ್ಲೇ ನಿಲ್ಲುತ್ತದೆ. ಈ ತೀರ್ಪಿನಲ್ಲಿ ಆ ಕೊಂಡಿ ಒಂದೇ: ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಎಲ್ಲ ಹಿಂದೂಗಳಿಗೆ ತೆರೆಯುವ ಕಾನೂನಿಗೆ ಅವಕಾಶ ಕೊಡುವ ಸಂವಿಧಾನದ 25(2)(ಬಿ) ಮತ್ತು ಧರ್ಮದ ವಿಷಯಗಳನ್ನು ಆಯಾ ಪಂಗಡಕ್ಕೆ ಬಿಡುವ 26(ಬಿ) ಎದುರುಬದುರಾದಾಗ ಯಾವುದು ಮೇಲು? ಉಳಿದೆಲ್ಲ ಅಲ್ಲಿಗೆ ತಲುಪಿಸುವ ಮೆಟ್ಟಿಲುಗಳು.

ಮೊದಲು ವಿವರಗಳನ್ನು ಸರಿಮಾಡಿಕೊಳ್ಳಿ, ಇಲ್ಲೇ ಬಹಳಷ್ಟು ಜನ ಎಡವುತ್ತಾರೆ. ತೀರ್ಪು ಬಂದದ್ದು 1957ರ ನವೆಂಬರ್ 8ರಂದು, ವರದಿಯಾದದ್ದು ಎ.ಐ.ಆರ್. 1958 ಎಸ್.ಸಿ. 255ರಲ್ಲಿ. ಹಾಗಾಗಿ "1958ರಲ್ಲಿ ತೀರ್ಪು ನೀಡಲಾಯಿತು" ಎಂದು ಬರೆದರೆ ತಪ್ಪಾಗುತ್ತದೆ. ಐವರ ಪೀಠದ ಪರವಾಗಿ ತೀರ್ಪು ಬರೆದವರು ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್. ಪ್ರತಿವಾದಿ ಮೈಸೂರು ರಾಜ್ಯ, ಆದರೆ ಪ್ರಶ್ನೆಗೆ ಒಳಗಾದ ಕಾನೂನು ಮದ್ರಾಸಿನದು: 1947ರ ಮದ್ರಾಸ್ ದೇವಾಲಯ ಪ್ರವೇಶ ಅಧಿಕಾರ ಕಾಯ್ದೆ. ದಾವೆ ಹೂಡಿದಾಗ ಮೂಲ್ಕಿ ಇದ್ದದ್ದು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆ ಮೈಸೂರಿಗೆ ಬಂತು, ಮೇಲ್ಮನವಿಯಲ್ಲಿ ಪ್ರತಿವಾದಿಯ ಹೆಸರೂ ಬದಲಾಯಿತು. "ಮೈಸೂರು ಸರ್ಕಾರದ ಕಾಯ್ದೆ" ಎಂದು ಬರೆದರೆ ತೀರ್ಪು ಓದದೆ ಶೀರ್ಷಿಕೆ ಮಾತ್ರ ನೋಡಿದ್ದೀರಿ ಎಂದು ಮೌಲ್ಯಮಾಪಕರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ಸಂಗತಿಗಳಿಗೆ 300 ಪದ ಸಾಕು, ತೀರ್ಮಾನಕ್ಕೆ ಬೇಕಾದದ್ದು ನಾಲ್ಕೇ. ಒಂದು, ದೇವಸ್ಥಾನವನ್ನು ಗೌಡ ಸಾರಸ್ವತ ಬ್ರಾಹ್ಮಣ ಸಮುದಾಯಕ್ಕಾಗಿ ಸ್ಥಾಪಿಸಲಾಗಿತ್ತು, ಆಡಳಿತ ಅವರ ಧರ್ಮದರ್ಶಿಗಳದು. ಎರಡು, ಇತರ ಹಿಂದೂಗಳೂ ಅಲ್ಲಿ ಪೂಜೆಗೆ ಬರುತ್ತಿದ್ದರು, ಆದರೆ ಕೆಲವು ವಿಶೇಷ ಸೇವೆಗಳು ಸಮುದಾಯದವರಿಗೆ ಮಾತ್ರ ಮೀಸಲಾಗಿದ್ದವು. ಮೂರು, ಕಾಯ್ದೆಯಲ್ಲಿ "ದೇವಾಲಯ" ಎಂಬುದರ ವ್ಯಾಖ್ಯಾನ ಮೊದಲು ಒಟ್ಟಾರೆ ಹಿಂದೂ ಸಮುದಾಯದ ಪೂಜಾಸ್ಥಳಗಳಿಗೆ ಸೀಮಿತವಾಗಿತ್ತು. 1949ರ ತಿದ್ದುಪಡಿ ಸಮುದಾಯದ ಒಂದು ವಿಭಾಗಕ್ಕೆ ಸೇರಿದವನ್ನೂ ಒಳಗೆ ತಂದಿತು. ನಾಲ್ಕು, ಧರ್ಮದರ್ಶಿಗಳು ದಾವೆ ಹೂಡಿದ್ದು 1949ರಲ್ಲಿ, ಅದು ವಿಚಾರಣೆಯಲ್ಲಿರುವಾಗಲೇ ಸಂವಿಧಾನ ಜಾರಿಗೆ ಬಂತು. ಶುರುವಿನಲ್ಲಿ ಒಂದು ಕಾಯ್ದೆಯ ವ್ಯಾಖ್ಯಾನದ ಜಗಳವಾಗಿದ್ದದ್ದು ಮೂಲಭೂತ ಹಕ್ಕಿನ ಪ್ರಶ್ನೆಯಾಗಿ ಬೆಳೆದದ್ದು ಹೀಗೆ. ದೇವಸ್ಥಾನದ ಐತಿಹ್ಯ, ಸಾರಸ್ವತರ ವಲಸೆಯ ಕಥೆ ಎಷ್ಟೇ ಸ್ವಾರಸ್ಯವಾಗಿದ್ದರೂ ನಿಮ್ಮ ವಾದಕ್ಕೆ ಬೇಡವಾದರೆ ಬಿಡಿ.

ಇನ್ನು ವಿವಾದಾಂಶ. "ಧಾರ್ಮಿಕ ಸ್ವಾತಂತ್ರ್ಯ ಮುಖ್ಯವೋ ದೇವಾಲಯ ಪ್ರವೇಶ ಮುಖ್ಯವೋ ಎಂಬುದು ಪ್ರಶ್ನೆ" ಎಂಬಂಥ ವಾಕ್ಯ ಉಪಯೋಗಕ್ಕೆ ಬಾರದು. ಅದಕ್ಕೆ ಉತ್ತರ ಕೊಡಲು ಕಾನೂನು ಬೇಕಿಲ್ಲ, ಅಭಿಪ್ರಾಯ ಸಾಕು. ಒಳ್ಳೆಯ ವಿವಾದಾಂಶದೊಳಗೆ ಕಾನೂನಿನ ಪಠ್ಯ, ನಿರ್ದಿಷ್ಟ ಸಂಗತಿ ಮತ್ತು ಎರಡು ಸಾಧ್ಯ ಉತ್ತರಗಳು ಕಾಣಬೇಕು. ಈ ರೀತಿ ಬರೆಯಬಹುದು:

"ಒಂದು ಧಾರ್ಮಿಕ ಪಂಗಡಕ್ಕೆ ಸೇರಿದ ದೇವಸ್ಥಾನದೊಳಗೆ ಯಾರು ಪೂಜೆಗೆ ಬರಬಹುದು ಎಂಬುದು 26(ಬಿ) ಅಡಿಯಲ್ಲಿ ಆ ಪಂಗಡದ 'ಧರ್ಮದ ವಿಷಯ'ವೇ ಆಗಿದ್ದರೆ, ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯಲು 25(2)(ಬಿ) ಅನುಮತಿಸುವ ಕಾನೂನು ಆ ಹಕ್ಕನ್ನು ಮೀರಬಲ್ಲದೇ?"

ಈ ವಾಕ್ಯದಲ್ಲಿ ಮೂರು ಉಪಪ್ರಶ್ನೆಗಳು ಅಡಗಿವೆ. ಈ ಸಮುದಾಯ ಪಂಗಡವೇ? ಪ್ರವೇಶ ನಿರಾಕರಣೆ ಧರ್ಮದ ವಿಷಯವೇ? ಪಂಗಡದ ದೇವಸ್ಥಾನ "ಸಾರ್ವಜನಿಕ ಸ್ವರೂಪದ್ದೇ"? ಮೂರಕ್ಕೂ ಹೌದು ಎಂದ ಮೇಲೆ ಮಾತ್ರ ಸಂಘರ್ಷ ಹುಟ್ಟುತ್ತದೆ. ಯಾವುದಾದರೂ ಒಂದಕ್ಕೆ ಇಲ್ಲ ಎಂದಿದ್ದರೂ ನ್ಯಾಯಾಲಯ ಅಲ್ಲಿಗೇ ಪ್ರಕರಣ ಮುಗಿಸಬಹುದಿತ್ತು. ಈ ಮಾತನ್ನು ಪ್ರಬಂಧದಲ್ಲಿ ತಪ್ಪದೆ ಬರೆಯಿರಿ. ಸುಲಭದ ದಾರಿಗಳು ಇದ್ದರೂ ಪೀಠ ಕಷ್ಟದ ದಾರಿ ಹಿಡಿಯಿತು ಎಂಬುದು ಇಲ್ಲಿ ಕಾಣುತ್ತದೆ.

ತರ್ಕದ ಭಾಗ ಬರೆಯುವ ಮುನ್ನ ತೀರ್ಪಿನ ಪ್ರತಿಯನ್ನು ಪೆನ್ಸಿಲ್ ಹಿಡಿದು ಓದಿ. ಪ್ರತಿ ಪ್ಯಾರಾದ ಅಂಚಿನಲ್ಲಿ ಒಂದು ಗುರುತು ಹಾಕಿ: "ಮೇ" ಎಂದರೆ ಮೇಲ್ಮನವಿದಾರರ ವಾದ, "ಸ" ಸರ್ಕಾರದ ವಾದ, "ನ್ಯಾ" ನ್ಯಾಯಾಲಯದ ಸ್ವಂತ ಮಾತು, "ನಿ" ಪೂರ್ವನಿದರ್ಶನ. ಆ ಕಾಲದ ತೀರ್ಪುಗಳಲ್ಲಿ ವಕೀಲರ ವಾದವನ್ನು ಅರ್ಧ ಪುಟ ವಿವರಿಸಿ, ಆಮೇಲೆ ಒಂದೇ ಸಾಲಿನಲ್ಲಿ ತಳ್ಳಿಹಾಕುವುದು ರೂಢಿ. ಪ್ಯಾರಾದ ಆರಂಭದಲ್ಲಿದ್ದ "ಎಂದು ವಾದಿಸಲಾಯಿತು" ಎಂಬುದು ಕಣ್ತಪ್ಪಿದರೆ, ಸೋತ ವಾದವನ್ನೇ ನ್ಯಾಯಾಲಯದ ತೀರ್ಮಾನವೆಂದು ಉಲ್ಲೇಖಿಸಿಬಿಡುತ್ತೀರಿ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಅತಿ ಹೆಚ್ಚು ಅಂಕ ಕಳೆಯುವ ತಪ್ಪು ಇದು, ಮತ್ತು ಆನ್‌ಲೈನ್ ಟಿಪ್ಪಣಿಗಳಿಂದ ನಕಲು ಮಾಡಿದವರಲ್ಲಿ ಒಂದೇ ತಪ್ಪು ಸಾಲಾಗಿ ಕಾಣಿಸುತ್ತದೆ.

ಗುರುತು ಹಾಕಿದ ಮೇಲೆ "ನ್ಯಾ" ಪ್ಯಾರಾಗಳನ್ನಷ್ಟೇ ಪೋಣಿಸಿದರೆ ತರ್ಕ ಹೀಗೆ ಹರಿಯುತ್ತದೆ. ತಿದ್ದುಪಡಿಯಾದ ವ್ಯಾಖ್ಯಾನದೊಳಗೆ ಈ ದೇವಸ್ಥಾನ ಬರುತ್ತದೆ. ಸಾಕ್ಷ್ಯದ ಪ್ರಕಾರ ಇದು ಪಂಗಡದ ದೇವಸ್ಥಾನವೇ, ಹೊರಗಿನವರು ಪೂಜೆಗೆ ಬರುತ್ತಿದ್ದರು ಎಂಬ ಮಾತ್ರಕ್ಕೆ ಆ ಸ್ವರೂಪ ಹೋಗುವುದಿಲ್ಲ. 1954ರ ಶಿರೂರು ಮಠದ ತೀರ್ಪಿನಂತೆ "ಧರ್ಮದ ವಿಷಯ" ಎಂದರೆ ಬರೀ ತತ್ವ, ನಂಬಿಕೆ ಅಲ್ಲ, ಆಚರಣೆಯೂ ಸೇರುತ್ತದೆ. ಆಗಮಗಳ ಪ್ರಕಾರ ದೇವಸ್ಥಾನದಲ್ಲಿ ಯಾರು ಎಲ್ಲಿಯವರೆಗೆ ಬರಬಹುದು ಎಂಬುದೂ ಆಚರಣೆಯ ಭಾಗ. ಆದ್ದರಿಂದ ಪ್ರವೇಶದ ಪ್ರಶ್ನೆ 26(ಬಿ) ಒಳಗೆ ಬೀಳುತ್ತದೆ. ಇಲ್ಲಿಯವರೆಗೆ ಪ್ರತಿ ಮೆಟ್ಟಿಲಲ್ಲೂ ಗೆಲ್ಲುತ್ತ ಬಂದದ್ದು ಹೆಚ್ಚುಕಡಿಮೆ ದೇವಸ್ಥಾನವೇ. ಕೊನೆಯ ಮೆಟ್ಟಿಲಲ್ಲಿ ಸೋಲುತ್ತದೆ, ಅದೂ ಪೂರ್ತಿಯಾಗಿ ಅಲ್ಲ.

ಆ ಕೊನೆಯ ಮೆಟ್ಟಿಲಿಗೆ ನಿಮ್ಮ ತರ್ಕದ ಭಾಗದ ಅರ್ಧದಷ್ಟು ಜಾಗ ಕೊಡಿ. ಸಂವಿಧಾನದ ಪ್ರತಿ ತೆರೆದು ಎರಡು ವಿಧಿಗಳನ್ನೂ ಅಕ್ಕಪಕ್ಕ ಇಟ್ಟು ಓದಿ. 25(1) "ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಈ ಭಾಗದ ಇತರ ಉಪಬಂಧಗಳಿಗೆ ಒಳಪಟ್ಟು" ಎಂದು ಶುರುವಾಗುತ್ತದೆ. 26ನೇ ವಿಧಿಯಲ್ಲಿ ಮೊದಲ ಮೂರು ಇವೆ, "ಇತರ ಉಪಬಂಧಗಳಿಗೆ" ಎಂಬುದು ಇಲ್ಲ. ಇನ್ನೊಂದು ಕಡೆ 25(2) "ಈ ವಿಧಿಯಲ್ಲಿರುವ ಯಾವುದೂ" ರಾಜ್ಯ ಕಾನೂನು ಮಾಡುವುದನ್ನು ತಡೆಯದು ಎನ್ನುತ್ತದೆ. ಈ ವಿಧಿ ಎಂದರೆ 25. ಹಾಗಾದರೆ ಆ ರಿಯಾಯಿತಿ 26ಕ್ಕೆ ಯಾಕೆ ತಟ್ಟಬೇಕು? ಮೇಲ್ಮನವಿದಾರರ ಅತ್ಯಂತ ಗಟ್ಟಿ ವಾದ ಇದೇ, ಪಠ್ಯದ ಮಟ್ಟಿಗೆ ಇದನ್ನು ಅಲ್ಲಗಳೆಯುವುದು ಸುಲಭವಲ್ಲ.

ನ್ಯಾಯಾಲಯ ಇದಕ್ಕೆ ಎರಡು ಹೆಜ್ಜೆಯಲ್ಲಿ ಉತ್ತರಿಸಿತು. "ಸಾರ್ವಜನಿಕ ಸ್ವರೂಪದ ಸಂಸ್ಥೆ" ಎಂಬುದರಲ್ಲಿ ಸಾರ್ವಜನಿಕರ ಒಂದು ವಿಭಾಗಕ್ಕಾಗಿ ಇರುವ ಸಂಸ್ಥೆಯೂ ಸೇರುತ್ತದೆ, ಆದ್ದರಿಂದ 25(2)(ಬಿ) ಪಂಗಡದ ದೇವಸ್ಥಾನಗಳನ್ನೂ ಉದ್ದೇಶಿಸಿದೆ ಎಂಬುದು ಮೊದಲ ಹೆಜ್ಜೆ. ಎರಡನೆಯದು ಒಂದು ತೂಕ. ಮೇಲ್ಮನವಿದಾರರ ಮಾತು ಒಪ್ಪಿದರೆ ಪಂಗಡದ ದೇವಸ್ಥಾನಗಳ ಮಟ್ಟಿಗೆ 25(2)(ಬಿ) ಪೂರ್ತಿ ನಿರರ್ಥಕವಾಗುತ್ತದೆ. ಸರ್ಕಾರದ ಮಾತು ಒಪ್ಪಿದರೆ 26(ಬಿ) ಧರ್ಮದ ಎಲ್ಲ ವಿಷಯಗಳಲ್ಲೂ ಉಳಿಯುತ್ತದೆ, ಪೂಜೆಗಾಗಿ ಪ್ರವೇಶ ಎಂಬ ಒಂದು ಅಂಶದಲ್ಲಿ ಮಾತ್ರ ಮಣಿಯುತ್ತದೆ. ಎರಡನೆಯದರಲ್ಲಿ ನಷ್ಟ ಕಡಿಮೆ, ಆದ್ದರಿಂದ 25(2)(ಬಿ) ಮೇಲುಗೈ. ಇದನ್ನೇ ಸಾಮರಸ್ಯದ ಅರ್ಥೈಸುವಿಕೆ, ಅಂದರೆ ಹಾರ್ಮೋನಿಯಸ್ ಕನ್‌ಸ್ಟ್ರಕ್ಷನ್ ಎನ್ನುವುದು. ಪ್ರಬಂಧದಲ್ಲಿ ಈ ಹೆಸರು ಬರೆದು ಮುಂದೆ ಓಡಬೇಡಿ, ತಕ್ಕಡಿಯ ಎರಡು ತಟ್ಟೆಯಲ್ಲಿ ಏನೇನು ಇಟ್ಟರು ಎಂದು ತೋರಿಸಿ.

ಆದರೆ ತೀರ್ಪು ಅಲ್ಲಿಗೆ ನಿಲ್ಲಲಿಲ್ಲ. ಸಮುದಾಯದವರಿಗಷ್ಟೇ ಭಾಗವಹಿಸುವ ಹಕ್ಕಿದ್ದ ಸೇವೆಗಳ ಹೊತ್ತಿನಲ್ಲಿ ಉಳಿದವರನ್ನು ಹೊರಗಿಡಬಹುದು ಎಂದು ಮದ್ರಾಸ್ ಹೈಕೋರ್ಟ್ ಕೊಟ್ಟಿದ್ದ ಸೀಮಿತ ರಕ್ಷಣೆಯನ್ನು ಸುಪ್ರೀಂ ಕೋರ್ಟ್ ಉಳಿಸಿತು. 25(2)(ಬಿ) ಕೊಡುವ ಹಕ್ಕು ನಿರಂಕುಶವಲ್ಲ, ಹಗಲುರಾತ್ರಿ ಬಾಗಿಲು ತೆರೆದಿಡಿ ಎಂದೋ ಅರ್ಚಕರು ಮಾಡುವ ಸೇವೆ ನಾನೇ ಮಾಡುತ್ತೇನೆ ಎಂದೋ ಯಾರೂ ಕೇಳುವಂತಿಲ್ಲ ಎಂದಿತು. ಅಳತೆಗೋಲು ಇದು: ಪಂಗಡದ ಹಕ್ಕನ್ನು ಮಾನ್ಯ ಮಾಡಿದ ಮೇಲೂ ಸಾರ್ವಜನಿಕರಿಗೆ ಉಳಿಯುವುದು ಗಣನೀಯವಾಗಿರಬೇಕು, ಬರೀ ಹೊಟ್ಟು ಉಳಿಯಬಾರದು. ಗಣನೀಯವಾಗಿ ಕಡಿತವಾಗುವುದಾದರೆ ಪಂಗಡದ ಹಕ್ಕೇ ಬಿದ್ದುಹೋಗುತ್ತದೆ.

ಈಗ ಟೀಕೆಗೆ ಬರೋಣ. ಸುಪ್ರೀಂ ಕೋರ್ಟನ್ನು ಟೀಕಿಸುವುದೆಂದರೆ ಫಲಿತಾಂಶವನ್ನು ವಿರೋಧಿಸುವುದು ಅಂತೇನಿಲ್ಲ. ಎಲ್ಲ ಹಿಂದೂಗಳಿಗೂ ಪ್ರವೇಶ ಸಿಗಬೇಕು ಎಂದು ನೀವು ಪೂರ್ತಿ ಒಪ್ಪಿಕೊಂಡೂ, ಅಲ್ಲಿಗೆ ಹೋದ ದಾರಿ ಸರಿಯಿಲ್ಲ ಎನ್ನಬಹುದು. ಟೀಕೆ ಯಾವ ಕೊಂಡಿಗೆ ತಗಲುತ್ತದೆ ಎಂದು ಹೆಸರಿಸಬೇಕು, ಅಷ್ಟೇ. "ತೀರ್ಪು ಪ್ರಗತಿಪರವಾಗಿದೆ ಆದರೆ ಇನ್ನೂ ಮುಂದೆ ಹೋಗಬಹುದಿತ್ತು" ಎಂಬ ಮಾತು ಯಾವ ತೀರ್ಪಿಗೂ ಅಂಟಿಸಬಹುದಾದ ಚೀಟಿ, ಬಿಟ್ಟುಬಿಡಿ. ಈ ತೀರ್ಪಿನಲ್ಲಿ ನನಗೆ ಕಾಣುವ ಮೂರು ದುರ್ಬಲ ಜಾಗಗಳನ್ನು ಹೇಳುತ್ತೇನೆ. ನೀವು ಎರಡನ್ನು ಮಾತ್ರ ತೆಗೆದುಕೊಂಡು 400 ಪದಗಳಂತೆ ಬೆಳೆಸಿ.

ಮೊದಲನೆಯದು ಆ ತೂಕದಲ್ಲೇ ಇದೆ. ಎರಡು ತಟ್ಟೆಗಳನ್ನು ಅಳೆದ ಮಾನ ಒಂದೇ ಅಲ್ಲ. 25(2)(ಬಿ)ಗೆ ಆಗುವ ನಷ್ಟವನ್ನು ಪಂಗಡದ ದೇವಸ್ಥಾನಗಳೊಳಗೆ ಮಾತ್ರ ನೋಡಿ "ಪೂರ್ತಿ ನಿರರ್ಥಕ" ಎನ್ನಲಾಗಿದೆ. 26(ಬಿ)ಗೆ ಆಗುವ ನಷ್ಟವನ್ನು ಧರ್ಮದ ಎಲ್ಲ ವಿಷಯಗಳ ನಡುವೆ ಇಟ್ಟು "ಒಂದೇ ಅಂಶ" ಎನ್ನಲಾಗಿದೆ. ಮಾನವನ್ನು ತಿರುಗಿಸಿ ನೋಡಿ. ಎಲ್ಲ ಸಾರ್ವಜನಿಕ ದೇವಸ್ಥಾನಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಪಂಗಡದ ದೇವಸ್ಥಾನಗಳನ್ನು ಬಿಟ್ಟರೂ 25(2)(ಬಿ) ಉಳಿದೆಡೆ ಜೀವಂತವಾಗಿರುತ್ತದೆ. ಪ್ರವೇಶ ಎಂಬ ಒಂದೇ ವಿಷಯದೊಳಗೆ ನೋಡಿದರೆ 26(ಬಿ) ಕೂಡ ಪೂರ್ತಿ ಮಣಿಯುತ್ತದೆ. ಹಾಗಿದ್ದ ಮೇಲೆ 25(2)(ಬಿ) ಗೆದ್ದದ್ದು ಅಳತೆಯಿಂದಲ್ಲ, ಹಿಂದಿರುವ ಇನ್ನಾವುದೋ ಕಾರಣದಿಂದ. ಅದು ದೇವಾಲಯ ಪ್ರವೇಶ ಚಳವಳಿಯ ಇತಿಹಾಸ ಇರಬಹುದು, ಸಾಮಾಜಿಕ ಸುಧಾರಣೆಗೆ ಸಂವಿಧಾನ ಕೊಟ್ಟ ಸ್ಥಾನ ಇರಬಹುದು. ಅದನ್ನು ನೇರವಾಗಿ ಹೇಳಿದ್ದರೆ ತರ್ಕ ಗಟ್ಟಿಯಾಗುತ್ತಿತ್ತು ಎಂಬುದು ನಿಮ್ಮ ವಾದವಾಗಬಹುದು. ಪ್ರತಿವಾದವನ್ನೂ ಬರೆಯಿರಿ: ಸಮುದಾಯದ ವಿಭಾಗಗಳ ಹೆಸರಿನಲ್ಲಿ ಇರುವ ದೇವಸ್ಥಾನಗಳೆಲ್ಲ ಹೊರಗುಳಿದರೆ ಆ ಉಪಬಂಧದ ಗುರಿಯೇ ತಪ್ಪುತ್ತದೆ, ನ್ಯಾಯಾಲಯದ ಕಣ್ಣು ಇದ್ದದ್ದು ಅಲ್ಲಿ ಎನ್ನಬಹುದು.

ಎರಡನೆಯದು ಆಗಮದ ಸಾಕ್ಷ್ಯ. ಪ್ರವೇಶ ಧರ್ಮದ ವಿಷಯವೆಂದು ತೋರಿಸಲು ತೀರ್ಪು ಮದ್ರಾಸ್ ಹೈಕೋರ್ಟಿನ 1914ರ ಗೋಪಾಲ ಮೂಪನಾರ್ ಪ್ರಕರಣದ ಉಲ್ಲೇಖಗಳಿಗೆ ಒರಗುತ್ತದೆ. ಅಲ್ಲಿ ಬರುವ ಪಠ್ಯ ಶಿವದ್ವಿಜರು, ಅಂದರೆ ಶಿವಾಲಯದ ಅರ್ಚಕರು, ಗರ್ಭಗುಡಿಯಲ್ಲಿ, ಬ್ರಾಹ್ಮಣರು ಅದರ ಮುಂದಿನ ಮಂಟಪದಲ್ಲಿ, ಕ್ಷತ್ರಿಯ, ವೈಶ್ಯ, ಶೂದ್ರರು ಮಹಾಮಂಟಪದಲ್ಲಿ ಎಂದು ದೂರಗಳನ್ನು ಗೊತ್ತುಮಾಡಿ, ಕೊನೆಗೆ ಇನ್ನೂ "ಕೆಳಗಿನವರು" ಗೋಪುರ ನೋಡಿ ತೃಪ್ತರಾಗಲಿ ಎನ್ನುತ್ತದೆ. ಇದನ್ನು ಮೂಲ್ಕಿಯ ಹಕ್ಕೊತ್ತಾಯದ ಪಕ್ಕದಲ್ಲಿಟ್ಟು ನೋಡಿ. ಪಠ್ಯದ ಮಾತು ವರ್ಣದ ಪ್ರಕಾರ ನಿಲ್ಲುವ ಜಾಗದ್ದು. ಧರ್ಮದರ್ಶಿಗಳು ಕೇಳಿದ್ದು ಒಂದು ಸಮುದಾಯ ಬಿಟ್ಟು ಇತರ ಬ್ರಾಹ್ಮಣರನ್ನೂ ಸೇರಿಸಿ ಎಲ್ಲರನ್ನೂ ಹೊರಗಿಡುವ ಹಕ್ಕು. ಪಠ್ಯದ ಮಾತೇ ಶೈವ ಪರಿಸರದ್ದು, ದೇವರು ವೆಂಕಟರಮಣ. ನಿಯಮಕ್ಕೂ ಸಂಗತಿಗೂ ತಾಳೆಯಾಗದೆ "ಆಗಮಗಳ ಪ್ರಕಾರ" ಎಂಬ ತೀರ್ಮಾನ ಬಂದಿದೆ. ಶಿರೂರು ಮಠದ ತೀರ್ಪು ಆಯಾ ಪಂಗಡದ ಸಿದ್ಧಾಂತವನ್ನೇ ಕೇಳಿ ತಿಳಿಯಬೇಕು ಎಂದಿದ್ದರೆ, ಇಲ್ಲಿ ಕೇಳಿದ್ದು ಬೇರೆಯವರ ಗ್ರಂಥವನ್ನು. ಈ ಟೀಕೆ ಬರೆಯುವುದಾದರೆ ತೀರ್ಪಿನ ಆ ಪ್ಯಾರಾವನ್ನು ಮೂಲದಲ್ಲಿ ಓದಿ, ಪ್ಯಾರಾ ಸಂಖ್ಯೆ ಕೊಟ್ಟು ಬರೆಯಿರಿ.

ಮೂರನೆಯದು ಹೊಟ್ಟಿನ ಅಳತೆಗೋಲು. ಗಣನೀಯ ಎಂಬುದನ್ನು ಗಂಟೆಯಲ್ಲಿ ಅಳೆಯಬೇಕೋ ಮಹತ್ವದಲ್ಲಿ ಅಳೆಯಬೇಕೋ? ಒಂದು ಕಲ್ಪಿತ ದೇವಸ್ಥಾನ ವರ್ಷದ 360 ದಿನ ಎಲ್ಲರಿಗೂ ತೆರೆದಿದ್ದು, ಜಾತ್ರೆಯ ಐದು ದಿನ ಮಾತ್ರ ಪಂಗಡಕ್ಕೆ ಮೀಸಲು ಎನ್ನಿ. ದಿನದ ಲೆಕ್ಕದಲ್ಲಿ ಸಾರ್ವಜನಿಕರಿಗೆ ಬಹುಪಾಲು ಉಳಿಯಿತು. ಆದರೆ ಭಕ್ತರು ದೂರದಿಂದ ಬರುವುದೇ ಆ ಐದು ದಿನಕ್ಕಾದರೆ ಉಳಿದದ್ದು ಏನು? ತೀರ್ಪು ಇದಕ್ಕೆ ದಾರಿ ತೋರಿಸುವುದಿಲ್ಲ, ಯಾಕೆಂದರೆ ಎದುರಿಗಿದ್ದ ಸಂಗತಿಯಲ್ಲಿ ಆ ಪ್ರಶ್ನೆ ಏಳಲಿಲ್ಲ. ಇದರ ಜೊತೆಗೇ ಇನ್ನೊಂದು ಮಾತು: ಒಂದು ಜಾತಿಯವರಿಗೆ ಮಾತ್ರ ಮೀಸಲಾದ ಸೇವೆಯನ್ನು ನ್ಯಾಯಾಲಯ 26(ಬಿ) ಅಡಿಯಲ್ಲಿ ಉಳಿಸಿದ್ದರಿಂದ, ಅಸ್ಪೃಶ್ಯತೆಯನ್ನು ರದ್ದುಪಡಿಸಿದ 17ನೇ ವಿಧಿ ಆ ಉಳಿಕೆಯ ಮೇಲೆ ಏನು ಹೇಳುತ್ತದೆ ಎಂಬ ಪ್ರಶ್ನೆ ಏಳುತ್ತದೆ. ತೀರ್ಮಾನ ನಿಂತಿರುವುದು 25(2)(ಬಿ) ಮೇಲೆ, 17ರ ಮೇಲಲ್ಲ. ಆದರೆ ಹುಷಾರು, ಮೂಲ್ಕಿಯ ನಿಷೇಧ ಬ್ರಾಹ್ಮಣರಾದಿಯಾಗಿ ಹೊರಗಿನವರೆಲ್ಲರಿಗೂ ಇತ್ತು, ಆದ್ದರಿಂದ 17 ತಾನಾಗಿಯೇ ಅನ್ವಯಿಸುತ್ತದೆ ಎಂದು ಬರೆದರೆ ನಿಮ್ಮ ಟೀಕೆಯೇ ಟೀಕೆಗೆ ಸಿಗುತ್ತದೆ.

ನಂತರದ ತೀರ್ಪುಗಳಿಗೆ 200 ಪದ ಮೀರಬೇಡಿ. ಶಬರಿಮಲೆಯನ್ನು ತರುವುದು ಸಹಜ, ಆದರೆ ವ್ಯತ್ಯಾಸ ಗಮನಿಸಿ. ಮೂಲ್ಕಿಯಲ್ಲಿ ಕಾನೂನು ಬಾಗಿಲು ತೆರೆಯುತ್ತಿತ್ತು, ಅದನ್ನು ಪಂಗಡ ಪ್ರಶ್ನಿಸಿತು. 2018ರ ಸೆಪ್ಟೆಂಬರ್ 28ರ ಶಬರಿಮಲೆ ತೀರ್ಪಿನಲ್ಲಿ ಪ್ರಶ್ನೆಗೆ ಒಳಗಾದದ್ದು ಹೊರಗಿಡಲು ಅನುವು ಮಾಡಿಕೊಡುವ 1965ರ ಕೇರಳದ 3(ಬಿ) ನಿಯಮ. ಅಲ್ಲಿ ಬಹುಮತ ಅಯ್ಯಪ್ಪ ಭಕ್ತರು ಪ್ರತ್ಯೇಕ ಪಂಗಡವೇ ಅಲ್ಲ ಎಂದಿತು, ಹಾಗಾಗಿ 26(ಬಿ) ಎದುರು 25(2)(ಬಿ) ಎಂಬ ಗಂಟು ಮೂಲ್ಕಿಯಷ್ಟು ನೇರವಾಗಿ ಬಿಗಿಯಲಿಲ್ಲ. 2019ರ ನವೆಂಬರ್‌ನಲ್ಲಿ ಮರುಪರಿಶೀಲನಾ ಪೀಠ ದೊಡ್ಡ ಪೀಠಕ್ಕೆ ಕಳಿಸಿದ ಪ್ರಶ್ನೆಗಳಲ್ಲಿ 25 ಮತ್ತು 26ರ ಪರಸ್ಪರ ಸಂಬಂಧವೂ ಒಂದು. ಧರ್ಮಕ್ಕೆ ಅತ್ಯಗತ್ಯವಾದ ಆಚರಣೆಗೆ ಮಾತ್ರ ರಕ್ಷಣೆ ಕೊಡುವ "ಅತ್ಯಗತ್ಯ ಧಾರ್ಮಿಕ ಆಚರಣೆ" ಪರೀಕ್ಷೆಯ ಇಂದಿನ ಕಟ್ಟುನಿಟ್ಟಿನ ರೂಪವನ್ನು ಮೂಲ್ಕಿಯ ತೀರ್ಪಿಗೆ ಹೊರಿಸಬೇಡಿ. ಆ ಬಿಗಿ ಬಂದದ್ದು 1961ರ ದರ್ಗಾ ಸಮಿತಿ ಪ್ರಕರಣದಿಂದ ಈಚೆಗೆ.

ಪದಗಳ ಹಂಚಿಕೆ ಹೀಗಿರಲಿ: ಸಂಗತಿ 300, ವಿವಾದಾಂಶ 200, ತರ್ಕ 900, ಟೀಕೆ 800, ನಂತರದ ತೀರ್ಪು 200, ಉಳಿದ 100 ಪದ ಆರಂಭದ ಪ್ಯಾರಾಕ್ಕೆ. ಆ ಪ್ಯಾರಾವನ್ನು ಕೊನೆಗೆ ಬರೆಯಿರಿ, ಅದರಲ್ಲಿ ನಿಮ್ಮ ವಾದ ಒಂದು ವಾಕ್ಯದಲ್ಲಿ ಬರಲಿ. ಉದಾಹರಣೆಗೆ, "ತೀರ್ಪಿನ ಫಲಿತಾಂಶ ಸರಿ, ಆದರೆ ಅದನ್ನು ಹೊತ್ತ ತೂಕ ಎರಡು ಬೇರೆ ಮಾನಗಳಲ್ಲಿ ನಡೆದಿದೆ ಎಂದು ಈ ಪ್ರಬಂಧ ವಾದಿಸುತ್ತದೆ." ಬರೆದು ಮುಗಿದ ಮೇಲೆ ಟೀಕೆಯ ಪ್ರತಿ ಪ್ಯಾರಾದಲ್ಲಿ ಪ್ರಕರಣದ ಹೆಸರು ಮುಚ್ಚಿ ಓದಿ ನೋಡಿ. ಬೇರೆ ಯಾವುದೋ ತೀರ್ಪಿನ ಬಗ್ಗೆಯೂ ಅದೇ ಮಾತು ಹೇಳಬಹುದು ಅನ್ನಿಸಿದರೆ ಆ ಪ್ಯಾರಾ ಹೊಡೆದುಹಾಕಿ, ಅಂಚಿನಲ್ಲಿ "ನ್ಯಾ" ಎಂದು ಗುರುತಿಸಿದ ಸಾಲುಗಳಿಗೆ ಮರಳಿ ಹೋಗಿ.